ಅತ್ತೆಯ ಬೆನ್ನು

ಆ ಶುಕ್ರವಾರವೂ ಬೇರೆ ಶುಕ್ರವಾರಗಳ ಹಾಗೆಯೇ ಬೆಳಗಾಯಿತು. ಐದು ಗಂಟೆಗೆ ಎದ್ದು, ರೇಷ್ಮೆ ಹುಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗಳನ್ನು ಮೊಣಕಾಲಿಗೆ ಕೊಟ್ಟು ಮುರಿದು ಹಂಡೆಯ ಒಲೆಗೆ ತುಂಬಿದೆ. ಹಸಿಯಿದ್ದರೆ ಅವು ಹೊಗೆಯಾಡುತ್ತವೆ, ಒಣಗಿದ್ದರೆ ಚಟಪಟ ಅನ್ನುತ್ತವೆ, ಅವತ್ತು ಒಣಗಿದ್ದವು. ಯಜಮಾನರು ಹೊಸೂರಿನ ಕಾರ್ಖಾನೆಗೆ ಮೊದಲ ಬಸ್ಸು ಹಿಡಿಯಬೇಕು. ಅವರ ಕ್ಯಾರಿಯರಿಗೆ ಚಿತ್ರಾನ್ನ ತುಂಬಿ, ಮೇಲಿನ ಡಬ್ಬಿಯಲ್ಲಿ ಎರಡು ಮಜ್ಜಿಗೆ ಮೆಣಸಿನಕಾಯಿ ಇಟ್ಟೆ. ಮಗಳು ಜಡೆ ಹಾಕಿಸಿಕೊಳ್ಳುತ್ತ ಶಾಲೆಯ ತಮಿಳು ಪದ್ಯವನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ನಾನು ಟೇಪನ್ನು ಎಳೆದು ಕಟ್ಟಿದಾಗಲೆಲ್ಲ ಪದ್ಯ ಒಂದು ಕ್ಷಣ ನಿಂತು ಮುಂದೆ ಹೋಗುತ್ತಿತ್ತು. ಅವಳಿಗೆ ಆಗ ಹನ್ನೊಂದು ವರ್ಷ.

ಇಬ್ಬರೂ ಹೋದ ಮೇಲೆ ಅತ್ತೆಯ ಸ್ನಾನ.

ಮದುವೆಯಾಗಿ ಕೆಲಮಂಗಲದ ಹತ್ತಿರದ ಈ ಹಳ್ಳಿಗೆ ಬಂದ ವಾರದಿಂದಲೂ ಶುಕ್ರವಾರ ಅತ್ತೆಯ ಬೆನ್ನು ಉಜ್ಜುವುದು ನನ್ನ ಕೆಲಸ. ಹರಳೆಣ್ಣೆ ಹಚ್ಚಿ, ಸ್ವಲ್ಪ ನೆನೆಯಲು ಬಿಟ್ಟು, ಸೀಗೇಪುಡಿ ಹಾಕಿ ತಿಕ್ಕಬೇಕು. ಆವತ್ತು ಮಾತ್ರ ಎಣ್ಣೆ ಬೇಡ ಎಂದೆ. ಡಾಕ್ಟರು ನೋಡುವ ಮೈ ಜಿಡ್ಡಾಗಿರಬಾರದು. ಅತ್ತೆ ಮರುಮಾತಾಡದೆ ಬಚ್ಚಲ ಕಲ್ಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂತರು. ನಾನು ಹೇಳಿದ್ದಕ್ಕೆ ಅವರು ಮರುಮಾತಾಡದೆ ಇದ್ದದ್ದು ಆ ಮನೆಯಲ್ಲಿ ಅದೇ ಮೊದಲು.

“ನಿಧಾನವಾಗಿ ಹಾಕಮ್ಮಿ ನೀರು,” ಎಂದರು. “ಆ ಜಾಗಕ್ಕೆ ಬೀಳ್ದಂಗೆ.”

ನಾನು ಬೀಳದ ಹಾಗೆ ಹಾಕಿದೆ. ಕೈ ಅಡ್ಡ ಹಿಡಿದು, ಮಗುವಿಗೆ ಹಾಕುವ ಹಾಗೆ. ನನ್ನ ಕೈ ಯಾವತ್ತೂ ಮೆತ್ತಗೇ. ಊರಿನವರೆಲ್ಲ ನನ್ನನ್ನು ಸಾಧು ಅನ್ನುತ್ತಿದ್ದರು. ಆ ಬೆನ್ನನ್ನು ಉಜ್ಜುತ್ತ ಉಜ್ಜುತ್ತ ಆ ಸಾಧುವಿನ ಮನಸ್ಸಿನಲ್ಲಿ ಏನೇನು ಓಡುತ್ತಿತ್ತೆಂದು ಅವರಿಗೆ ಗೊತ್ತಿರಲಿಲ್ಲ.

ಅತ್ತೆಯ ಬೆನ್ನ ಮೇಲೆ ಹದಿನೇಳು ಕಂದು ಮಚ್ಚೆಗಳಿದ್ದವು. ಮೇಣದಬತ್ತಿ ಕರಗಿ ತೊಟ್ಟಿಕ್ಕಿ ಅಲ್ಲೇ ಗಟ್ಟಿಯಾದ ಹಾಗೆ, ಚರ್ಮದೊಳಗಿಂದ ಎದ್ದವಲ್ಲ, ಮೇಲಿನಿಂದ ತಂದು ಅಂಟಿಸಿದವು ಅನ್ನುವ ಹಾಗೆ. ಕೆಲವು ಹೊಸ ಬೆಲ್ಲದ ಬಣ್ಣ, ಕೆಲವು ಹಳೇ ಬೆಲ್ಲದ್ದು. ಒದ್ದೆಯಾದಾಗ ಮೆತ್ತಗೆ ಹೊಳೆಯುತ್ತಿದ್ದವು, ಒಣಗಿದರೆ ಬೆರಳಿಗೆ ಒರಟು. ಎಡ ಹೆಗಲ ಮೂಳೆಯ ಮೇಲೆ ಅವರೆಬೀಜದಷ್ಟು ದೊಡ್ಡದೊಂದು. ಅದರ ಕೆಳಗೆ ಮೂರು ಸಾಲಾಗಿ. ಒಂದೊಂದೂ ಯಾವ ವರ್ಷ ಬಂತೆಂದು ನಾನು ಹೇಳಬಲ್ಲೆ. ಮೊದಲನೆಯದು ಕಂಡದ್ದು ನನ್ನ ಮಗಳಿಗೆ ಮೂರು ವರ್ಷವಿದ್ದಾಗ. ಅದನ್ನು ಕಂಡ ದಿನ ಸೀಗೇಪುಡಿಯ ಕೈಯಲ್ಲೇ ನಾನು ಬಹಳ ಹೊತ್ತು ನಿಂತಿದ್ದೆ. ಅತ್ತೆ, “ಏನಮ್ಮಿ, ನಿಂತ್ಕಂಡೇ ನಿದ್ದೆ ಮಾಡ್ತೀಯ?” ಎಂದರು. “ಇಲ್ಲ ಅತ್ತೆ,” ಎಂದು ಉಜ್ಜಿದೆ. ಹೇಳಲಿಲ್ಲ. ಎರಡನೆಯದು ಬಂದಾಗಲೂ ಹೇಳಲಿಲ್ಲ. ತನ್ನ ಬೆನ್ನು ತನಗೆ ಕಾಣುವುದಿಲ್ಲ. ಆ ಮನೆಯಲ್ಲಿ ಅತ್ತೆಯ ಬೆನ್ನನ್ನು ನೋಡುತ್ತಿದ್ದವಳು ನಾನೊಬ್ಬಳೇ. ಎಂಟು ವರ್ಷ ಅದು ನನ್ನ ಸ್ವಂತ ಆಸ್ತಿಯಾಗಿತ್ತು.

ಯಾಕೆಂದು ಹೇಳಬೇಕು.

ನನ್ನ ತಂದೆ ಕೃಷ್ಣಗಿರಿಯಲ್ಲಿ ರೇಷ್ಮೆ ಇಲಾಖೆಯಲ್ಲಿ ಗುಮಾಸ್ತರಾಗಿದ್ದರು. ನಾನು ಅಲ್ಲಿಯ ಕಾನ್ವೆಂಟಿನಲ್ಲಿ ಓದಿದವಳು. ಮಗಳು ಹುಟ್ಟಿ, ನಾಮಕರಣಕ್ಕೆಂದು ನನ್ನ ಅಮ್ಮ ಮೂರು ದಿನ ಮೊದಲೇ ಬಂದರು. ಜೊತೆಯಲ್ಲಿ ಬೆಳ್ಳಿ ಉಡಿದಾರ, ಕೈಯಲ್ಲೇ ಹೊಲಿದ ಆರು ಅಂಗಿ, ಒಂದು ಡಬ್ಬಿ ಕೊಬ್ಬರಿ ಮಿಠಾಯಿ. ಮರುದಿನ ಬೆಳಿಗ್ಗೆ ಅಮ್ಮ ಸ್ನಾನ ಮಾಡುವಾಗ ಬಿಸಿನೀರು ಕೊಡಲು ಹೋದ ಅತ್ತೆ ಅವರ ಬೆನ್ನು ನೋಡಿದರು. ಇವೇ ಮಚ್ಚೆಗಳು. ಇದೇ ಮೇಣ, ಇದೇ ಬೆಲ್ಲದ ಬಣ್ಣ. ಅತ್ತೆ ಚೊಂಬನ್ನು ಅಲ್ಲೇ ಇಟ್ಟು ಹಿಂದೆ ಹಿಂದೆ ನಡೆದು ಬಂದರು. ನಾನು ಮಗುವನ್ನು ಮಡಿಲಲ್ಲಿಟ್ಟುಕೊಂಡು ನಡುಮನೆಯಲ್ಲಿ ಕೂತಿದ್ದೆ. ಅವರ ಹಿಮ್ಮಡಿ ಹೊಸಿಲಿಗೆ ತಾಗಿದ್ದು ನನಗೆ ಇನ್ನೂ ಕಾಣುತ್ತದೆ.

“ನಿಮ್ಮವ್ವಂಗೆ ಮೈಯೆಲ್ಲ ಅದೇನೋ ಐತೆ,” ಎಂದರು. “ಎಳೇ ಮಗ ಇರೋ ಮನೆ. ಮುಟ್ಟಿಸ್ಬ್ಯಾಡ.”

ಆ ಮಧ್ಯಾಹ್ನ ಅಮ್ಮನಿಗೆ ಊಟ ದನದ ಕೊಟ್ಟಿಗೆಯ ಕಡೆಯ ಜಗಲಿಯಲ್ಲಿ. ಕೆಲಸದವರಿಗೆಂದು ಇಟ್ಟಿದ್ದ ನೆಗ್ಗಿದ ಅಲ್ಯುಮಿನಿಯಂ ತಟ್ಟೆಯಲ್ಲಿ. ಮುದ್ದೆಯನ್ನು ಅತ್ತೆ ಮೇಲಿನಿಂದ ತಟ್ಟೆಗೆ ಬಿಟ್ಟರು, ಸಾರು ಅಂಚಿಗೆ ಚಿಮ್ಮಿತು. ಅಮ್ಮ ಕಣ್ಣೆತ್ತದೆ ಉಂಡರು. ಸಂಜೆಯ ಬಸ್ಸಿಗೆ ಅವರನ್ನು ಕಳಿಸಲಾಯಿತು. ನಾಮಕರಣ ಅವರಿಲ್ಲದೆ ಆಯಿತು. ಬೀದಿಯವರೆಲ್ಲ ಕೇಳಿದರು, ಅತ್ತೆ ಎಲ್ಲರಿಗೂ ಕಾರಣ ಹೇಳಿದರು. ಆ ಕಾರಣ ರಾಯಕೋಟೆಯವರೆಗೂ ಹೋಯಿತು. ಅಲ್ಲಿಯ ಗಂಡಿನ ಮನೆಯವರು ನನ್ನ ತಂಗಿಯನ್ನು ಒಪ್ಪಿದ್ದವರು, ಹೂ ಮುಡಿಸುವ ದಿನ ಬರಲೇ ಇಲ್ಲ.

ಅಮ್ಮ ಆ ಮೇಲೆ ಒಂಬತ್ತು ವರ್ಷ ಬದುಕಿದರು. ನಮ್ಮ ಮನೆಗೆ ಒಮ್ಮೆಯೂ ಬರಲಿಲ್ಲ. ಕುತ್ತಿಗೆವರೆಗೆ ಮುಚ್ಚುವ ರವಿಕೆ ಹೊಲಿಸಿಕೊಂಡರು, ಬೇಸಿಗೆಯಲ್ಲೂ ಸೆರಗನ್ನು ಎರಡೂ ಹೆಗಲಿಗೆ ಹೊದ್ದರು. ಕೊನೆಗೆ ಎದೆಯಲ್ಲಿ ಕಫ ಕಟ್ಟಿ ಮಲಗಿದಾಗ, ಡಾಕ್ಟರು ಬೆನ್ನಿಗೆ ಸ್ಟೆತಾಸ್ಕೋಪು ಇಡಲು ಬಂದರೆ ಗೋಡೆಗೆ ಒರಗಿ ಕೂತುಬಿಟ್ಟರು. “ಮುಂದಿನಿಂದಲೇ ನೋಡಿ,” ಎಂದರಂತೆ. ತಂಗಿ ಇದನ್ನು ಹೇಳಿದಾಗ ನಾನು ಅಳಲಿಲ್ಲ. ಅದರ ಮುಂದಿನ ಶುಕ್ರವಾರ ಅತ್ತೆಯ ಬೆನ್ನಿನ ಮಚ್ಚೆಗಳನ್ನು ಮತ್ತೆ ಎಣಿಸಿದೆ. ಹದಿನಾಲ್ಕಾಗಿದ್ದವು. ಒಂದೊಂದನ್ನೂ ಬೆರಳಿನಿಂದ ಮುಟ್ಟಿ ಎಣಿಸಿದೆ.

ಅವು ಇವೆಯೆಂದು ಅತ್ತೆಗೆ ತಾವಾಗಿ ತಿಳಿಯುತ್ತಲೇ ಇರಲಿಲ್ಲವೇನೋ. ಆದರೆ ರವಿಕೆಯ ಕೆಳಅಂಚು ಉಜ್ಜುವ ಕಡೆ ಇದ್ದ ಒಂದು ಮಚ್ಚೆ ತುರಿಸತೊಡಗಿತು. ಅತ್ತೆ ಕೈ ಹಿಂದಕ್ಕೆ ಕೊಟ್ಟು ಕೆರೆದರು, ರವಿಕೆಗೆ ಒಂದು ಚುಕ್ಕಿ ರಕ್ತ ಆಯಿತು. ಅಲ್ಲೇನಿದೆ ಎಂದು ಕೇಳಿದರು. “ಒಂದು ನರುಳ್ಳಿ ಥರ ಇದೆ ಅತ್ತೆ,” ಎಂದೆ. ಒಂದು ಎಂದದ್ದು ಸುಳ್ಳಲ್ಲ. ಅವರು ಕೇಳಿದ್ದು ಆ ಒಂದನ್ನೇ.

ನಮ್ಮ ಕಡೆ ನರುಳ್ಳಿಗೆ ಮದ್ದು ಎಲ್ಲರಿಗೂ ಗೊತ್ತು. ವೀಳ್ಯದೆಲೆಗೆ ಹಚ್ಚುವ ಸುಣ್ಣಕ್ಕೆ ಬಟ್ಟೆಸೋಡ ಕಲಸಿ, ಕಡ್ಡಿಯ ತುದಿಯಲ್ಲಿ ಒಂದಿಷ್ಟು ಇಟ್ಟರೆ ಅದು ಸುಟ್ಟು ಉದುರುತ್ತದೆ. ಅತ್ತೆ ಅದನ್ನೇ ಹಚ್ಚು ಎಂದರು. ಸುಣ್ಣ ಚರ್ಮ ಸುಡುತ್ತದೆಂದು ನನಗೆ ಗೊತ್ತಿತ್ತು. ಕಾನ್ವೆಂಟಿನ ಸಿಸ್ಟರು ಪ್ರಥಮ ಚಿಕಿತ್ಸೆಯ ಪಾಠದಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದ್ದರು. ನಾನು ಬೇಡ ಅನ್ನಲಿಲ್ಲ. ಕಡ್ಡಿಯ ತುದಿಯಷ್ಟು ಅಂದದ್ದಕ್ಕೆ ಬೆರಳ ತುದಿಯಷ್ಟು ಇಟ್ಟೆ. ಮೂರು ದಿನ ಇಟ್ಟೆ. ಅತ್ತೆ ಹಲ್ಲು ಕಚ್ಚಿ ಕೂತಿದ್ದರು. ಕಾಲಿನ ಬೆರಳುಗಳು ಮಾತ್ರ ಮಡಚಿ ಬಿಚ್ಚುತ್ತಿದ್ದವು.

ಮಚ್ಚೆ ಉದುರಲಿಲ್ಲ. ಕಪ್ಪಗಾಯಿತು. ಸುತ್ತ ಕೆಂಪಾಗಿ ಊದಿ, ಮೇಲೆ ಹಕ್ಕಳೆ ಕಟ್ಟಿ, ಹಕ್ಕಳೆಯ ಸಂದಿನಿಂದ ನೀರೂ ರಕ್ತವೂ ಒಸರತೊಡಗಿದವು. ಎರಡು ಕನ್ನಡಿ ಹಿಡಿಸಿ ಅತ್ತೆ ತಮ್ಮ ಬೆನ್ನನ್ನು ತಾವೇ ನೋಡಿಕೊಂಡರು. ಒಂದಲ್ಲ, ಹದಿನೇಳು. ಅದರ ನಡುವೆ ಕರಿಯದೊಂದು.

ಅತ್ತೆ ಜೋರು ಹೆಂಗಸು, ಆದರೆ ಕಪ್ಪು ಮಚ್ಚೆಗೆ ಮಾತ್ರ ಹೆದರುತ್ತಿದ್ದರು. ಅದಕ್ಕೆ ಕಾರಣವಿತ್ತು. ಅವರ ಅಣ್ಣ ತಳಿ ಎಂಬ ಊರಿನ ಕಡೆ ಬೇಸಾಯಗಾರರಾಗಿದ್ದರು. ಒಡೆದ ಹಿಮ್ಮಡಿಗೆ ಗೇರುಬೀಜ ಸುಟ್ಟು ಅದರ ಎಣ್ಣೆ ಹಚ್ಚುವುದು ಅವರಿಗೆ ರೂಢಿ, ಅದು ಕಪ್ಪು ಕಲೆ ಬಿಡುತ್ತದೆ. ಅಂಗಾಲಿನಲ್ಲಿ ಕಪ್ಪು ಕಂಡಾಗ ಗೇರಿನ ಕಲೆ ಎಂದೇ ಎಲ್ಲರೂ ಸುಮ್ಮನಿದ್ದರು. ಅದು ಹರಡಿತು, ಒಡೆಯಿತು, ತೊಡೆಸಂದಿಯಲ್ಲಿ ಗಂಟು ಎದ್ದಿತು. ಬೆಂಗಳೂರಿನಲ್ಲಿ ಚರ್ಮದ ಕ್ಯಾನ್ಸರು ಎಂದರು, ತಡವಾಯಿತು ಎಂದರು. ಮಳೆಗಾಲ ಮುಗಿಯುವುದರೊಳಗೆ ಅವರು ಹೋದರು.

“ನಮ್ಮಣ್ಣಂದೇ ಕಣಮ್ಮಿ ಇದು,” ಎಂದು ಅತ್ತೆ ಕನ್ನಡಿ ಕೆಳಗಿಟ್ಟರು. “ನಂಗೂ ಬಂದ್ಬುಟ್ಟೈತೆ.”

ಆ ರಾತ್ರಿ ದೇವರ ದೀಪ ಹಚ್ಚುವಾಗ, ಬಂದಿದ್ದರೆ ಬಂದಿರಲಿ ಅಂದುಕೊಂಡೆ. ಇದನ್ನು ಬರೆಯಲು ನಾಚಿಕೆಯಾಗಬೇಕು. ಆಗುತ್ತಿಲ್ಲ.

ಹೊಸೂರಿನ ಮಿಷನ್ ಆಸ್ಪತ್ರೆಗೆ ತಿಂಗಳಿಗೊಂದು ಶುಕ್ರವಾರ ಚರ್ಮದ ಡಾಕ್ಟರು ಬರುತ್ತಿದ್ದರು. ಆವತ್ತು ಆ ಶುಕ್ರವಾರ. ಸ್ನಾನ ಮುಗಿಸಿ, ಹಳೇ ಮೆತ್ತನೆ ಸೀರೆ ಉಡಿಸಿ, ಒಂಬತ್ತರ ಬಸ್ಸಿಗೆ ಕರೆದುಕೊಂಡು ಹೋದೆ. ಅತ್ತೆ ಸೀಟಿಗೆ ಬೆನ್ನು ಒರಗಿಸದೆ, ಮುಂದಿನ ಕಂಬಿ ಹಿಡಿದು ಕೂತರು. ಆಸ್ಪತ್ರೆಯ ವರಾಂಡದಲ್ಲಿ ಕುಷ್ಠರೋಗದ ಔಷಧಿಗೆ ಬಂದವರ ಸಾಲು ಉದ್ದಕ್ಕಿತ್ತು. ಅತ್ತೆ ಸೆರಗನ್ನು ಮೂಗಿಗೆ ಹಿಡಿದರು. ಸ್ವಲ್ಪ ಹೊತ್ತಾದ ಮೇಲೆ ಆ ಸೆರಗನ್ನೇ ಮುಖಕ್ಕೆ ಎಳೆದುಕೊಂಡರು. ಸಾಲಿನಲ್ಲಿ ನಮ್ಮ ಊರಿನವರು ಯಾರಾದರೂ ಇದ್ದು ತಮ್ಮನ್ನು ಗುರುತು ಹಿಡಿದಾರೆಂದು.

ಡಾಕ್ಟರು ಉತ್ತರದ ಕಡೆಯವರು, ಇನ್ನೂ ಚಿಕ್ಕ ವಯಸ್ಸು. ಕನ್ನಡ ಇಲ್ಲ, ತಮಿಳಿನಲ್ಲಿ ತಿರುಗು ಅನ್ನಲು “ತಿರುಂಬು”, ನೋವಿದೆಯಾ ಅನ್ನಲು “ವಲಿ ಇರುಕ್ಕಾ”, ಇಷ್ಟೇ. ಅವರ ಮಾತನ್ನು ರೋಗಿಗಳಿಗೆ ತಿಳಿಸಿ ಹೇಳುತ್ತಿದ್ದ ಸಿಸ್ಟರು ವರಾಂಡದ ಸಾಲಿನಲ್ಲಿದ್ದರು. ನಾನು ಇಂಗ್ಲೀಷಿನಲ್ಲಿ ಉತ್ತರ ಕೊಟ್ಟಾಗ ಡಾಕ್ಟರ ಮುಖ ಅರಳಿತು. ಅಲ್ಲಿಂದ ಮುಂದೆ ಅವರು ನನ್ನೊಂದಿಗೇ ಮಾತಾಡಿದರು. ಅತ್ತೆ ಸ್ಟೂಲಿನ ಮೇಲೆ ಬೆನ್ನು ತೋರಿಸಿ ಕೂತು, ತಮಗೆ ಬಾರದ ಭಾಷೆಯಲ್ಲಿ ತಮ್ಮ ಬಗ್ಗೆ ಆಗುತ್ತಿದ್ದ ಮಾತನ್ನು ಕೇಳಿಸಿಕೊಂಡರು.

ಡಾಕ್ಟರು ಕಿಟಕಿಯ ಬೆಳಕಿಗೆ ಸ್ಟೂಲನ್ನು ತಿರುಗಿಸಿದರು. ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿದರು. ಬೆರಳು ಆಡಿಸಿದರು. ಅತ್ತೆಯ ಅಣ್ಣನ ವಿಷಯ ಹೇಳಿದೆ. ಹೇಳಿದ ಕೂಡಲೆ ಅವರು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಅತ್ತೆಯ ಪಾದಗಳನ್ನು ಎತ್ತಿ ತಮ್ಮ ಮೊಣಕಾಲಿನ ಮೇಲಿಟ್ಟುಕೊಂಡರು. ಅಂಗಾಲು, ಬೆರಳ ಸಂದಿ, ಕಾಲುಗುರು, ಕೈಯುಗುರು, ಅಂಗೈ. ಅತ್ತೆಗೆ ಗಾಬರಿ.

“ಬೆನ್ನಾಗೈತೆ ಅಂದ್ರೆ ಕಾಲು ನೋಡ್ತಾನಲ್ಲಮ್ಮಿ ಇವ್ನು? ಅಲ್ಲಿಗೂ ಇಳ್ದೈತಾ?”

“ನೋಡ್ತಿದ್ದಾರೆ ಅತ್ತೆ,” ಎಂದೆ.

ಆಮೇಲೆ ಡಾಕ್ಟರು ನನ್ನನ್ನು ಹತ್ತಿರ ಕರೆದು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು. ನೋಡಿ, ಎಂದರು. ಇವು ಸೆಬೊರಿಕ್ ಕೆರಟೋಸಿಸ್. ವಯಸ್ಸಾದವರಿಗೆ ಬರುತ್ತವೆ, ತಲೆ ನರೆತ ಹಾಗೆ. ಅಂಚು ಎಷ್ಟು ಸ್ಪಷ್ಟವಾಗಿದೆ ನೋಡಿ, ಚರ್ಮದ ಮೇಲೆ ಕೂತಿವೆ, ಒಳಗೆ ಇಳಿದಿಲ್ಲ. ಭೂತಗನ್ನಡಿಯಲ್ಲಿ ನನಗೆ ಅವುಗಳ ಮೈಮೇಲೆ ಗಸಗಸೆಯಂತೆ ಬಿಳಿಯ, ಹಳದಿಯ ಸಣ್ಣ ಬೀಜಗಳು ಹೂತುಹೋಗಿದ್ದು ಕಂಡಿತು. ಚರ್ಮದ ಒಣ ಪದಾರ್ಥ ತುಂಬಿದ ಗುಂಡಿಗಳು ಅವು, ಈ ಜಾತಿಯ ಗುರುತು, ಎಂದರು. ಇವು ಕ್ಯಾನ್ಸರ್ ಆಗುವುದಿಲ್ಲ. ಯಾರಿಂದ ಯಾರಿಗೂ ಅಂಟುವುದಿಲ್ಲ. ನೀವು ಹೆದರುತ್ತಿರುವುದು ಮೆಲನೋಮಕ್ಕೆ. ಅದು ಬೇರೆ. ಹೆಚ್ಚಾಗಿ ಚಪ್ಪಟೆಯಾಗಿ ಶುರುವಾಗುತ್ತದೆ, ಒತ್ತುಹಾಳೆಯ ಮೇಲೆ ಶಾಯಿ ಹರಡಿದ ಹಾಗೆ. ಅಂಚು ಅಡ್ಡಾದಿಡ್ಡಿ, ಒಂದರಲ್ಲೇ ಎರಡು ಮೂರು ಬಣ್ಣ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ನಮ್ಮ ಜನರಲ್ಲಿ ಅದು ಹೆಚ್ಚಾಗಿ ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನ ಕೆಳಗೆ. ಇವರ ಅಣ್ಣನಿಗೆ ಆದದ್ದು ಅದು. ಇವರ ಪಾದದಲ್ಲಿ ಏನೂ ಇಲ್ಲ.

“ಇದೊಂದು ಮಾತ್ರ ಯಾಕೆ ಹೀಗಿದೆ?” ಎಂದು ಕರಿಯದನ್ನು ತೋರಿಸಿದರು.

ಸುಣ್ಣ, ಸೋಡ ಎಂದೆ. ಯಾರು ಹಚ್ಚಿದ್ದು ಎಂದು ಕೇಳಿದರು. ನಾನು ಎಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿದರು. ಇಂಗ್ಲೀಷು ಓದಿದವರೂ ಹೀಗೆ ಮಾಡುತ್ತಾರೆಯೇ ಎಂಬ ನೋಟ. ಅವರಿಗೆ ಅಷ್ಟೇ ತಿಳಿದದ್ದು.

ಸುಣ್ಣ ತಾಗದ ಒಂದು ಅಂಚಿನಲ್ಲಿ ಅದೇ ಗಸಗಸೆ ಬೀಜಗಳು ಅವರಿಗೆ ಕಂಡವು. ಇದೂ ಅದೇ, ಅನುಮಾನವಿಲ್ಲ, ಎಂದರು. ಆದರೆ ಸುಟ್ಟು ಅದರ ಮುಖ ಕೆಟ್ಟಿರುವುದರಿಂದ ಕೆರೆದು ತೆಗೆದು ವೆಲ್ಲೂರಿಗೆ ಪರೀಕ್ಷೆಗೆ ಕಳಿಸುತ್ತೇನೆ, ಅದು ನನ್ನ ಸಮಾಧಾನಕ್ಕೆ. ಮರಗಟ್ಟಿಸುವ ಸೂಜಿ ಕೊಟ್ಟು, ಅಂಚು ಹರಿತವಾದ ಪುಟ್ಟ ಉಂಗುರದಂಥ ಸಾಧನದಿಂದ ಮೀಟಿದರು. ಅದು ಹಳೇ ಗೋಡೆಯ ಸುಣ್ಣದ ಪದರದ ಹಾಗೆ ಎದ್ದು ಬಂತು. ಕೆಳಗೆ ಚರ್ಮ ಕೆಂಪಗೆ, ಸಮತಟ್ಟಾಗಿ ಉಳಿಯಿತು. ಚೂರನ್ನು ಔಷಧಿ ನೀರಿನ ಸೀಸೆಗೆ ಹಾಕಿ ಚೀಟಿ ಅಂಟಿಸಿದರು. ಉಳಿದವನ್ನು ಮುಟ್ಟುವುದು ಬೇಡ, ಎಂದರು.

“ನನ್ನ ತಾಯಿಗೂ ಬೆನ್ನ ಮೇಲೆ ಇವೇ ಇದ್ದವು,” ಎಂದೆ.

“ಹಾಗಾದರೆ ಮುಂದೆ ನಿಮಗೂ ಬರಬಹುದು. ಮನೆತನದಲ್ಲಿ ಬರುತ್ತವೆ. ಹೆದರಬೇಡಿ.” ನಾವು ಹೊರಡುವಾಗ ಅವರು ಅತ್ತೆಯ ಹೆಗಲು ತಟ್ಟಿ ನಕ್ಕರು.

ಆಗ ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಐದು ನಿಮಿಷ ಬಾಕಿ. ಅಮ್ಮನ ಬೆನ್ನಿನಲ್ಲಿ ಇದ್ದದ್ದು ನರೆಗೂದಲಿನಂಥದ್ದು. ಒಬ್ಬ ಡಾಕ್ಟರಿಗೆ ಅದನ್ನು ಹೇಳಲು ಹತ್ತು ನಿಮಿಷ ಹಿಡಿಯಿತು.

ಆಸ್ಪತ್ರೆಯ ಗೇಟು ದಾಟುವ ಮೊದಲೇ ಅತ್ತೆ ನನ್ನ ಮುಂಗೈ ಹಿಡಿದರು.

“ಏನಂದಮ್ಮಿ ಡಾಕ್ಟ್ರು?”

“ಇಂಗ್ಲೀಷಿನಲ್ಲಿ ಹೇಳಿದರು ಅತ್ತೆ.”

“ನಿಂಗೆ ಬತ್ತದಲ್ಲ ಇಂಗ್ಲೀಷು?”

“ಬರತ್ತೆ. ದೊಡ್ಡ ಹೆಸರು ಹೇಳಿದರು. ಚೂರು ಕಿತ್ತು ವೆಲ್ಲೂರಿಗೆ ಕಳಿಸ್ತಾರೆ.”

ಇದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ಸುಳ್ಳು ಹೇಳಬಾರದೆಂದು ಕಾನ್ವೆಂಟಿನಲ್ಲಿ ನನ್ನ ಅಂಗೈಗೆ ಸ್ಕೇಲಿನಿಂದ ಹೊಡೆದು ಕಲಿಸಿದ್ದರು. ಸುಮ್ಮನಿದ್ದದ್ದಕ್ಕೆ ಯಾವ ಸಿಸ್ಟರೂ ಹೊಡೆದಿರಲಿಲ್ಲ.

“ವೆಲ್ಲೂರಿಗಾ?” ಅತ್ತೆ ಅಲ್ಲೇ ನಿಂತರು. “ನಮ್ಮಣ್ಣಂದೂ ಹಿಂಗೇ ಕಿತ್ತು ಸೀಸೆಗಾಕಿದ್ರು. ನಗ್ತಾ ಇದ್ನಲ್ಲ ಅವ್ನು, ಯಾಕೆ ನಗ್ತಿದ್ದ?”

“ಒಳ್ಳೇವರು ಅತ್ತೆ.”

“ಸಾಯೋರ ಮುಂದೆ ಹಂಗೇ ನಗ್ತಾರೆ ಕಣಮ್ಮಿ. ನಂಗೊತ್ತು.”

ಬಸ್ಸು ಕೆಲಮಂಗಲದ ದಾರಿ ಹಿಡಿಯಿತು. ಪಕ್ಕದ ಸೀಟಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡ ಹೆಂಗಸು ಅತ್ತೆಗೆ ಜಾಗ ಮಾಡಿಕೊಟ್ಟಳು. ಅತ್ತೆ ಅವಳಿಗೆ ತಾಗದ ಹಾಗೆ ಮುದುಡಿಕೊಂಡರು. ಆ ಮುದುಡಿದ್ದನ್ನು ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡೇ ನೋಡಿದೆ. ಅಮ್ಮನೂ ಆ ಸಂಜೆಯ ಬಸ್ಸಿನಲ್ಲಿ ಹೀಗೆಯೇ ಕೂತಿರಬೇಕು. ಅರ್ಧ ದಾರಿಯಲ್ಲಿ ಅತ್ತೆ ಮತ್ತೆ ಕೇಳಿದರು, “ಎಷ್ಟು ದಿವ್ಸ ಅಂದ್ರಾ?” ನಾನು, “ಎರಡು ವಾರಕ್ಕೆ ಕಾಗದ ಬರತ್ತಂತೆ,” ಎಂದೆ. ಅವರು ಕೇಳಿದ್ದು ಕಾಗದದ ಮಾತಲ್ಲ. ಅದು ನನಗೆ ಗೊತ್ತಿತ್ತು. ಹಾಯಾಗಿತ್ತು. ಬಸ್ಸು ಅಲುಗಿದಾಗಲೆಲ್ಲ ಡಾಕ್ಟರ ಆ ಮಾತು ನನ್ನೊಳಗೆ ಬಿಸಿಯಾಗಿ, ದುಂಡಗೆ, ನನ್ನದಾಗಿ ಇತ್ತು. ಯಾವಾಗ ಬೇಕಾದರೂ ಕೊಡಬಹುದಿತ್ತು.

ಮನೆಗೆ ಬಂದಾಗ ಒಂದೂವರೆ. ನಾನು ಮುದ್ದೆಗೆ ಎಸರಿಟ್ಟೆ. ಅತ್ತೆ ಒಳಗೆ ಬರಲಿಲ್ಲ. ಕೊಟ್ಟಿಗೆಯ ಕಡೆಯ ಜಗಲಿಯಲ್ಲಿ ಗೋಣಿಚೀಲ ಹಾಸಿಕೊಂಡು ಕೂತರು.

“ಒಳಗೆ ಬನ್ನಿ ಅತ್ತೆ,” ಎಂದು ಕರೆಯಬಹುದಿತ್ತು. ಕರೆಯಲಿಲ್ಲ.

“ಸಣ್ ಮಗ ಐತೆ ಮನೇಲಿ,” ಎಂದು ಅವರೇ ಹೇಳಿದರು. “ನನ್ ತಟ್ಟೆ ಬ್ಯಾರೆ ಇಡು. ಆ ಅಲ್ಯುಮಿನಿಯಂದು ಇತ್ತಲ್ಲ, ನೆಗ್ಗಿದ್ದು? ಈಗ್ಲೂ ಐತಾ?”

ಇತ್ತು. ಕೆಲಸದವರಿಗೆ ಹೊಸ ತಟ್ಟೆ ತರಿಸಿ, ಅದನ್ನು ಹಳೇ ಟವಲಿನಲ್ಲಿ ಸುತ್ತಿ ಅಟ್ಟದ ಮೇಲೆ, ನನ್ನ ಮದುವೆಯ ಟ್ರಂಕಿನ ಹಿಂದೆ ಇಟ್ಟಿದ್ದೆ. ಏಣಿ ಹಾಕಿ ಹತ್ತಿ ತಂದೆ. ಬೂದಿ ಹಾಕಿ ತೊಳೆದೆ. ನೆಗ್ಗಿದ ಕಡೆ ನೀರು ನಿಲ್ಲುತ್ತದೆ, ಅದನ್ನು ಸೆರಗಿನಿಂದ ಒರೆಸಿದೆ. ಮುದ್ದೆಯನ್ನು ಮಾತ್ರ ಮೇಲಿನಿಂದ ಬಿಡಲಿಲ್ಲ. ಕೈಯಿಂದಲೇ ಇಟ್ಟೆ, ಸೊಪ್ಪಿನ ಸಾರು ಬಿಟ್ಟೆ. ಅಷ್ಟು ವ್ಯತ್ಯಾಸವಿರಲಿ ಅನ್ನಿಸಿತು. ಆಮೇಲೆ ಬಾಗಿಲಿಗೆ ಒರಗಿ ನಿಂತು ಅವರು ಉಣ್ಣುವುದನ್ನು ನೋಡಿದೆ. ಅತ್ತೆ ತುತ್ತು ಮುರಿದು, ಅರ್ಧಕ್ಕೆ ಎತ್ತಿ, ಮತ್ತೆ ತಟ್ಟೆಗೇ ಇಟ್ಟರು. ಅವರು ಕಣ್ಣೆತ್ತಲಿಲ್ಲ. ನಾನು ಎಷ್ಟೋ ವರ್ಷ ನೋಡಬೇಕೆಂದುಕೊಂಡಿದ್ದು ಇದನ್ನೇ, ಇಷ್ಟನ್ನೇ, ಇದೇ ಜಾಗದಲ್ಲಿ. ನೋಡಿದೆ. ಕಣ್ತುಂಬ ನೋಡಿದೆ.

ನಾಲ್ಕೂವರೆಗೆ ಮಗಳು ಶಾಲೆಯಿಂದ ಬಂದಳು. ಚೀಲ ಎಸೆದು, ದಿನದ ಹಾಗೆ ಅಜ್ಜಿಯ ಹೆಗಲಿಗೆ ಜೋತುಬೀಳಲು ಓಡಿದಳು.

“ಬರ್ಬ್ಯಾಡ!” ಅತ್ತೆ ಕೂಗಿದರು. ಕೈಯೆರಡನ್ನೂ ಮುಂದೆ ಚಾಚಿ, ಗೋಡೆಗೆ ಅಂಟಿಕೊಂಡರು. “ನನ್ ಮುಟ್ಬ್ಯಾಡ ಕಣವ್ವ, ದೂರ ಹೋಗು.”

ಮಗಳು ಅಂಗಳದ ನಡುವೆ ನಿಂತುಬಿಟ್ಟಳು. “ಅಮ್ಮಾ, ಅಜ್ಜಿ ಯಾಕೆ ಬೈತಾರೆ? ಅಜ್ಜಿಗೆ ಏನಾಗಿದೆ?”

ಅತ್ತೆಯ ಮುಂದೆ ಸುಮ್ಮನಿದ್ದ ಹಾಗೆ ಅವಳ ಮುಂದೆ ಇರಲಾಗಲಿಲ್ಲ. ಕರುಣೆ ಬಂತು ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ನಿಜ ಬೇರೆ: ಡಾಕ್ಟರ ಆ ಮಾತಿನಲ್ಲಿ ಇನ್ನೂ ಒಂದು ಏಟು ಉಳಿದಿತ್ತು, ಅದನ್ನು ಮಗಳ ಮುಂದೆಯೇ ಹೊಡೆಯಬೇಕೆನ್ನಿಸಿತು.

“ಏನೂ ಆಗಿಲ್ಲ ಪುಟ್ಟಿ,” ಎಂದೆ, ಜಗಲಿಗೆ ಕೇಳುವ ಹಾಗೆ. “ಕ್ಯಾನ್ಸರೂ ಅಲ್ಲ, ಕುಷ್ಠವೂ ಅಲ್ಲ. ಅಂಟೋದಿಲ್ಲ, ಯಾವತ್ತೂ ಅಂಟಿಲ್ಲ. ವಯಸ್ಸಾದವರಿಗೆ ಕೂದಲು ನರೆಯತ್ತಲ್ಲ, ಹಾಗೆ. ಕೃಷ್ಣಗಿರಿ ಅಜ್ಜಿ ಬೆನ್ನಲ್ಲಿ ಇದ್ದವಲ್ಲ, ಅವೇ ಇವು. ಡಾಕ್ಟರು ಭೂತಗನ್ನಡಿ ಕೊಟ್ಟು ತೋರಿಸಿದರು. ಒಂದೇ.”

ಮಗಳಿಗೆ ಕೃಷ್ಣಗಿರಿ ಅಜ್ಜಿಯ ಬೆನ್ನಿನ ಕತೆ ಗೊತ್ತಿರಲಿಲ್ಲ. ಅವಳು ಹೂಂ ಎಂದು ಹೋಗಿ ಅಜ್ಜಿಯ ಪಕ್ಕದಲ್ಲಿ ಕೂತಳು. ಅತ್ತೆ ಅವಳನ್ನು ಮುಟ್ಟಲಿಲ್ಲ, ತಳ್ಳಲೂ ಇಲ್ಲ. ನನ್ನನ್ನೇ ನೋಡುತ್ತಿದ್ದರು.

“ಯಾವಾಗಂದ್ರು ಡಾಕ್ಟ್ರು ಇದ್ನ?”

“ಅಲ್ಲೇ. ಹನ್ನೊಂದು ಗಂಟೆಗೆ.”

“ಬಸ್ನಾಗೆ ಕೇಳ್ದೆ ನಾನು.”

“ಹೌದು.”

“ಉಣ್ಣೋವಾಗ ನಿಂತ್ಕಂಡು ನೋಡ್ತಿದ್ದೆಯಲ್ಲಮ್ಮಿ.”

“ಹೌದು ಅತ್ತೆ.”

ಅವರು ಬೈಯಬಹುದು ಎಂದು ಕಾದೆ. ಬೈದಿದ್ದರೆ ನನ್ನಲ್ಲಿ ಉತ್ತರ ಸಿದ್ಧವಿತ್ತು. ಹನ್ನೊಂದು ವರ್ಷದಿಂದ ಹಂಡೆಯ ಮುಂದೆ ಕೂತು ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ಉತ್ತರ. ಅತ್ತೆ ಬೈಯಲಿಲ್ಲ. ತಟ್ಟೆಯಲ್ಲಿ ಉಳಿದಿದ್ದ ಒಣಗಿದ ಮುದ್ದೆಯನ್ನು ಬೆರಳಿನಿಂದ ಕೀಳತೊಡಗಿದರು.

“ನಿಮ್ಮವ್ವ ಉಂಡಿದ್ಲು ಅವತ್ತು,” ಎಂದರು ಕೊನೆಗೆ. “ಒಂದಗುಳೂ ಬಿಡ್ದಂಗೆ ಉಂಡಿದ್ಲು. ನಂಗೆ ಆಗ್ಲಿಲ್ಲ.”

ಇದು ತಪ್ಪೊಪ್ಪಿಗೆಯೋ, ಅಮ್ಮನ ಮೇಲೆ ಇನ್ನೊಂದು ದೂರೋ, ಇವತ್ತಿಗೂ ನನಗೆ ತಿಳಿಯದು. ಕ್ಷಮಿಸು ಅನ್ನಲಿಲ್ಲ, ಅಂದಿದ್ದರೂ ನಾನು ಕೊಡುತ್ತಿರಲಿಲ್ಲ. ವೆಲ್ಲೂರಿನ ಕಾಗದ ಆಮೇಲೆ ಬಂತು, ಡಾಕ್ಟರು ಹೇಳಿದ್ದೇ ಅದರಲ್ಲೂ ಇತ್ತು. ಮುಂದಿನ ಶುಕ್ರವಾರಗಳಲ್ಲೂ ಬೆನ್ನು ಉಜ್ಜಿದವಳು ನಾನೇ. ಆದರೆ ಎಣಿಸುವುದನ್ನು ಬಿಟ್ಟೆ. ಅವು ಏನೆಂದು ಅವರಿಗೂ ತಿಳಿದ ಮೇಲೆ ಎಣಿಸುವುದರಲ್ಲಿ ಏನೂ ಉಳಿದಿರಲಿಲ್ಲ.

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯವರು ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಲೋಟ ಹಿಡಿದು ಬಂದರು. ಅತ್ತೆಯ ಓರಗೆಯವರು, ನಲವತ್ತು ವರ್ಷ ಒಂದೇ ಗೋಡೆಯ ಆಚೀಚೆ ಬದುಕಿದವರು. ಅತ್ತೆ ಜಗಲಿಯಲ್ಲಿ ಕೂತದ್ದು ನೋಡಿ ತಾವೂ ಪಕ್ಕದಲ್ಲಿ ಕೂತರು.

“ಏನಕ್ಕಾ, ಬೆಳಿಗ್ಗೇನೆ ಸೊಸೆ ಕರ್ಕಂಡು ಎಲ್ಲಿಗೋ ಹೊಂಟಿದ್ದೆ? ಸಿನ್ಮಾಕ್ಕಾ?”

ಮಗಳೇ ಹೇಳಿದಳು: ಅಜ್ಜಿಯ ಬೆನ್ನಿನಲ್ಲಿ ಮಚ್ಚೆ, ಹೊಸೂರಿನ ಡಾಕ್ಟರು, ಏನೂ ಅಲ್ಲವಂತೆ, ಕೂದಲು ನರೆತ ಹಾಗಂತೆ. ಪಕ್ಕದ ಮನೆಯವರು ಅತ್ತೆಯ ಸೆರಗನ್ನು ಸರಿಸಿ, ರವಿಕೆಯ ಮೇಲಂಚಿನಲ್ಲಿ ಕಾಣುತ್ತಿದ್ದ ಒಂದೆರಡನ್ನು ನೋಡಿದರು. ಬೆರಳಿನಿಂದ ಒಂದನ್ನು ತಟ್ಟಿದರು.

“ಅಯ್ಯೋ, ಇವಾ? ನಮ್ಮಪ್ಪನ ಬೆನ್ ತುಂಬ ಇದ್ವು. ಕಡೇ ತನಕ ನೇಗ್ಲು ಹಿಡ್ದ. ಇದಕ್ಕೆ ಹೊಸೂರ್‌ ತಂಕ ಹೋಗ್ಬೇಕಿತ್ತಾ?”

ನಾನು ಒಳಗಿನಿಂದ ಮಜ್ಜಿಗೆ ತಂದು ಅವರ ಲೋಟಕ್ಕೆ ಬಿಡುತ್ತಿದ್ದೆ. ಅವರು ಲೋಟವನ್ನು ಓರೆ ಮಾಡಿ, ಸಾಕು ಸಾಕು ಎಂದು ಕೈಯಾಡಿಸಿ, ಎದ್ದು ಸೀರೆ ಕೊಡವಿಕೊಂಡರು.

“ನಿಮ್ಮವ್ವನ್ನ ಬಸ್ ಹತ್ತಿಸಿದ್ರಲ್ಲಮ್ಮಿ, ಅವತ್ತೇ ಗೊತ್ತಿತ್ತು ನಂಗೆ, ಇದೇ ಅಂತ,” ಎಂದರು ಅಂಗಳಕ್ಕೆ ಇಳಿಯುತ್ತ. “ಅತ್ತೆ ಸೊಸೆ ಮಧ್ಯೆ ನಾನ್ಯಾಕೆ ಬಾಯಾಕ್ಲಿ ಅಂತ ಸುಮ್ಕಿದ್ದೆ.”